ಜಗಳವೂ ಇಲ್ಲ, ಮಾತೂ ಇಲ್ಲ: ಹದಿನಾರು ವರ್ಷದ ಗೆಳೆತನ ಸದ್ದಿಲ್ಲದೆ ನಿಂತಾಗ

(ಪ್ರಕರಣ ಅಧ್ಯಯನ. ಒಂದೇ ಬಗೆಯ ಕೆಲವು ಪ್ರಕರಣಗಳನ್ನು ಸೇರಿಸಿ ಬರೆದದ್ದು. ಗುರುತು ಸಿಗದ ಹಾಗೆ ಹೆಸರು, ಊರು, ಕೆಲಸ ಎಲ್ಲ ಬದಲಿಸಿದ್ದೇನೆ.)

ಶೈಲಾ ನನ್ನ ಹತ್ತಿರ ಬಂದದ್ದು ನಿದ್ದೆ ಬರುತ್ತಿಲ್ಲ ಎಂದು. ಅವರ ಡಾಕ್ಟರು ಥೈರಾಯ್ಡ್, ಶುಗರ್, ಹಿಮೋಗ್ಲೋಬಿನ್ ಎಲ್ಲ ನೋಡಿದ್ದರು. ಏನೂ ತೊಂದರೆ ಕಾಣದೆ, ಒಂದು ಸಲ ಕೌನ್ಸೆಲಿಂಗ್‌ಗೆ ಹೋಗಿ ಬನ್ನಿ ಎಂದು ಕಳಿಸಿದ್ದರು. ವಯಸ್ಸು ಮೂವತ್ತೇಳು. ಹಾಸನದ ಒಂದು ಪಿಯು ಕಾಲೇಜಿನಲ್ಲಿ ಗಣಿತದ ಉಪನ್ಯಾಸಕಿ. ಗಂಡ, ಒಬ್ಬ ಮಗ, ಜೊತೆಯಲ್ಲಿ ಅತ್ತೆ. ಮನೆಯಲ್ಲಿ ಹೇಳಿಕೊಳ್ಳುವಂಥ ತಾಪತ್ರಯ ಇಲ್ಲ.

ನಿದ್ದೆ ಯಾವಾಗಿನಿಂದ ಕೆಟ್ಟಿತು ಅಂತ ಕೇಳಿದೆ. ತಿಂಗಳು ಹೇಳಿದರು. ಆಗ ಏನಾದರೂ ಆಗಿತ್ತಾ ಎಂದಾಗ ಸ್ವಲ್ಪ ಹೊತ್ತು ಸುಮ್ಮನಿದ್ದರು.

"ಹೇಳಿದ್ರೆ ನೀವು ನಗ್ತೀರಿ ಮೇಡಂ. ಯಾರೂ ಸತ್ತಿಲ್ಲ, ಗಂಡ ಬಿಟ್ಟು ಹೋಗಿಲ್ಲ. ಒಬ್ಬಳು ಫ್ರೆಂಡ್ ಮಾತು ಬಿಟ್ಟಿದ್ದಾಳೆ, ಅಷ್ಟೇ."

ಈ "ಅಷ್ಟೇ" ಇದೆಯಲ್ಲ, ಇಂಥ ಪ್ರಕರಣಗಳಲ್ಲಿ ಹೆಚ್ಚುಕಮ್ಮಿ ಎಲ್ಲರೂ ಅದನ್ನು ಹೇಳುತ್ತಾರೆ. ಬೇರೆಯವರು ಅನ್ನುವ ಮೊದಲು ತಾವೇ ಅಂದುಬಿಡುತ್ತಾರೆ. ಅಳುವುದಕ್ಕೆ ತಮಗೆ ಹಕ್ಕಿಲ್ಲ ಎಂದು ಅವರಿಗೆ ಮೊದಲೇ ಅನ್ನಿಸಿರುತ್ತದೆ. ಊರು ಒಪ್ಪದ ಇಂಥ ದುಃಖದ ಬಗ್ಗೆ ಅಮೆರಿಕದ ಪ್ರಾಧ್ಯಾಪಕ ಕೆನೆತ್ ಡೋಕಾ 1989ರಲ್ಲೇ ಬರೆದಿದ್ದಾರೆ. ಸಾವಾದರೆ ಜನ ಮನೆಗೆ ಬರುತ್ತಾರೆ, ಅಡುಗೆ ಕಳಿಸುತ್ತಾರೆ, ಕಾಲೇಜಿನಲ್ಲಿ ರಜೆ ಸಿಗುತ್ತದೆ. ಗೆಳತಿ ಹೋದರೆ ಇದ್ಯಾವುದೂ ಇಲ್ಲ. ಮಾರನೇ ದಿನ ಬೆಳಿಗ್ಗೆ ಹೋಗಿ ಸಮಾಕಲನ ಪಾಠ ಮಾಡಬೇಕು.

ನಡೆದದ್ದು

ಶೈಲಾ ಮತ್ತು ವೀಣಾ ಮೈಸೂರಿನಲ್ಲಿ ಓದುವಾಗ ಹಾಸ್ಟೆಲಿನ ಒಂದೇ ಕೋಣೆಯಲ್ಲಿದ್ದವರು. ಆಮೇಲೆ ವೀಣಾ ಬೆಂಗಳೂರಿಗೆ, ಇವರು ಹಾಸನಕ್ಕೆ. ದೂರವಾದರೂ ಗೆಳೆತನ ಬಿಗಿಯಾಗಿಯೇ ಇತ್ತು. ರಾತ್ರಿ ಎಂಟೂವರೆ ಸುಮಾರಿಗೆ ಪಾತ್ರೆ ತೊಳೆಯುತ್ತಾ ಇಬ್ಬರೂ ವಾಯ್ಸ್ ಮೆಸೇಜ್ ಕಳಿಸಿಕೊಳ್ಳುತ್ತಿದ್ದರು. ಅತ್ತೆಯ ಮಾತು, ಸ್ಟಾಫ್ ರೂಮಿನ ರಾಜಕೀಯ, ಮಕ್ಕಳ ಕೆಮ್ಮು, ಎಲ್ಲವೂ ಅದರಲ್ಲಿ. ವೀಣಾ ಅವರ ತಂದೆಗೆ ಆಪರೇಷನ್ ಆದಾಗ ಶೈಲಾ ರಜೆ ಹಾಕಿ ಆಸ್ಪತ್ರೆಯಲ್ಲಿ ರಾತ್ರಿ ಉಳಿದಿದ್ದರು. ವೀಣಾಳ ಮಗಳು ಇವರನ್ನು ದೊಡ್ಡಮ್ಮ ಎಂದೇ ಕರೆಯುವುದು.

ಏಪ್ರಿಲ್‌ನಲ್ಲಿ ಒಂದು ದಿನ ಶೈಲಾ ಫೋನ್ ಮಾಡಿದರು. ವೀಣಾ ತೆಗೆಯಲಿಲ್ಲ. "ನಾಳೆ ಮಾಡ್ತೀನಿ ಕಣೇ" ಎಂದು ಮೆಸೇಜ್ ಬಂತು. ಆ ನಾಳೆ ಬರಲಿಲ್ಲ. ಒಂದು ವಾರ ನೀಲಿ ಟಿಕ್ ಬೀಳುತ್ತಿತ್ತು, ಉತ್ತರ ಇಲ್ಲ. ಆಮೇಲೆ ಎರಡು ಬೂದು ಟಿಕ್. ಆಮೇಲೆ ಒಂದೇ ಟಿಕ್. ಡಿಪಿ ಮಾಯವಾಯಿತು, ಲಾಸ್ಟ್ ಸೀನ್ ಕಾಣಲಿಲ್ಲ.

ಇಲ್ಲಿ ಒಂದು ತಾಂತ್ರಿಕ ವಿಷಯ ಹೇಳಲೇಬೇಕು, ಯಾಕೆಂದರೆ ಶೈಲಾ ಇದರ ಮೇಲೆ ಎಷ್ಟೋ ರಾತ್ರಿ ಕಳೆದಿದ್ದರು. ಒಂದೇ ಟಿಕ್ ನಿಲ್ಲುವುದು, ಡಿಪಿ ಮತ್ತು ಲಾಸ್ಟ್ ಸೀನ್ ಕಾಣದಿರುವುದು, ವಾಟ್ಸಾಪ್ ಕಾಲ್ ಹೋಗದಿರುವುದು ಬ್ಲಾಕ್ ಆಗಿರುವುದರ ಸೂಚನೆ ಇರಬಹುದು. ಆದರೆ ಖಚಿತ ಅಲ್ಲ. ಆ ಕಡೆಯವರು ಫೋನ್ ಬದಲಿಸಿದ್ದರೆ, ನೆಟ್ ಇಲ್ಲದಿದ್ದರೆ, ಪ್ರೈವಸಿ ಸೆಟ್ಟಿಂಗ್ ಬಿಗಿ ಮಾಡಿದ್ದರೆ ಇವುಗಳಲ್ಲಿ ಕೆಲವು ಹೀಗೇ ಕಾಣುತ್ತವೆ. ಬ್ಲಾಕ್ ಮಾಡಿದವರ ಗೌಪ್ಯತೆ ಉಳಿಯಲಿ ಎಂದು ತಾವು ಇದನ್ನು ಬೇಕೆಂದೇ ಅಸ್ಪಷ್ಟವಾಗಿ ಇಟ್ಟಿದ್ದೇವೆ ಎಂದು ವಾಟ್ಸಾಪ್‌ನವರೇ ತಮ್ಮ ಸಹಾಯ ಪುಟದಲ್ಲಿ ಹೇಳಿದ್ದಾರೆ. ಬ್ಲಾಕ್ ಮಾಡುವವರಿಗೆ ಇದು ಒಳ್ಳೆಯದೇ. ಹಿಂಸೆ ಕೊಡುವವನಿಂದ ತಪ್ಪಿಸಿಕೊಳ್ಳುವ ಹೆಣ್ಣುಮಗಳಿಗಂತೂ ಇದು ಬೇಕೇ ಬೇಕು. ಆದರೆ ಕಾಯುತ್ತಾ ಕೂತವರಿಗೆ ಮುಗಿಯದ ಪತ್ತೇದಾರಿಕೆ. ಶೈಲಾ ಗಂಡನ ಫೋನಿನಿಂದ ನೋಡಿದರು. ಅದರಲ್ಲಿ ಡಿಪಿ ಕಾಣಿಸಿತು.

ನಿಜವಾದ ಪೆಟ್ಟು ಬಿದ್ದದ್ದು ಮೇ ಕೊನೆಯಲ್ಲಿ. ಹಳೆಯ ಹಾಸ್ಟೆಲ್ ಗ್ರೂಪಿನಲ್ಲಿ ಯಾರೋ ಫೋಟೋ ಹಾಕಿದರು. ವೀಣಾಳ ಹೊಸ ಮನೆಯ ಗೃಹಪ್ರವೇಶ. ಹಾಸ್ಟೆಲಿನ ಗೆಳತಿಯರು ಏಳೆಂಟು ಜನ ಸೀರೆ ಉಟ್ಟು ಬಾಗಿಲ ತೋರಣದ ಕೆಳಗೆ ನಿಂತಿದ್ದಾರೆ. ಆ ಮನೆಯ ಟೈಲ್ಸ್ ಯಾವುದು ಹಾಕಬೇಕು ಅಂತ ಚಳಿಗಾಲದಲ್ಲಿ ವೀಣಾ ಇವರನ್ನೇ ಕೇಳಿದ್ದಳು. ನಮ್ಮ ಕಡೆ ಗೃಹಪ್ರವೇಶಕ್ಕೆ ಕರೆಯುವುದು ಅಂದರೆ ಸುಮ್ನೆ ಊಟಕ್ಕೆ ಕರೆಯುವುದಲ್ಲ. ಯಾರನ್ನು ಕರೆದರು, ಯಾರನ್ನು ಬಿಟ್ಟರು ಅನ್ನುವುದು ಒಂದು ಲೆಕ್ಕ. ಅಲ್ಲಿಯವರೆಗೆ "ಅವಳಿಗೇನೋ ಕಷ್ಟ ಇರಬೇಕು" ಎಂದು ಹಿಡಿದುಕೊಂಡಿದ್ದ ನಂಬಿಕೆ ಆವತ್ತು ಬಿದ್ದುಹೋಯಿತು.

ನನ್ನ ಹತ್ತಿರ ಬಂದದ್ದು ಆಗಸ್ಟ್‌ನಲ್ಲಿ.

ನಾನು ಮೊದಲು ನೋಡಿದ್ದು

ಇಂಥವರು ಬಂದಾಗ ಗೆಳೆತನದ ಕಥೆಗಿಂತ ಮೊದಲು ಖಿನ್ನತೆ ಇದೆಯಾ ಅಂತ ನೋಡುತ್ತೇನೆ. ಎರಡು ವಾರಕ್ಕಿಂತ ಜಾಸ್ತಿ ದಿನ, ಹೆಚ್ಚು ಹೊತ್ತು ಮನಸ್ಸು ಕುಗ್ಗಿರುವುದು, ಯಾವುದರಲ್ಲೂ ಆಸಕ್ತಿ ಇಲ್ಲದಿರುವುದು, ಹಸಿವು ಮತ್ತು ಕೆಲಸ ಕೆಡುವುದು ಇದ್ದರೆ ಮನೋವೈದ್ಯರ ಹತ್ತಿರ ಕಳಿಸಬೇಕು. ಸಾಯುವ ಯೋಚನೆ ಬರುತ್ತದಾ ಎಂದೂ ನೇರವಾಗಿ ಕೇಳುತ್ತೇನೆ. ಕೇಳಿದರೆ ಆ ಯೋಚನೆ ಹುಟ್ಟುತ್ತದೆ ಅನ್ನುವುದು ತಪ್ಪು ನಂಬಿಕೆ. ಶೈಲಾಗೆ ಅಂಥದ್ದು ಇರಲಿಲ್ಲ. ಊಟ ಸರಿಯಿತ್ತು, ಪಾಠ ನಡೆಯುತ್ತಿತ್ತು, ಮಗನ ಜೊತೆ ನಗುತ್ತಿದ್ದರು. ಕೆಡುತ್ತಿದ್ದದ್ದು ರಾತ್ರಿ ಮಾತ್ರ. ಖಿನ್ನತೆ ಇದ್ದಿದ್ದರೆ ದಾರಿಯೇ ಬೇರೆ ಆಗುತ್ತಿತ್ತು. (ರಾತ್ರಿ ಹೊತ್ತು ತಡೆಯಲಾರದಷ್ಟು ಸಂಕಟ ಆದರೆ ಟೆಲಿ ಮಾನಸ್ ಸಹಾಯವಾಣಿ 14416 ಇದೆ. 2022ರ ಅಕ್ಟೋಬರಿನಲ್ಲಿ ಶುರುವಾದ ಸರ್ಕಾರಿ ಸೇವೆ, ಉಚಿತ, ಕನ್ನಡದಲ್ಲೂ ಮಾತಾಡಬಹುದು.)

ಎರಡನೆಯದು, ಆ ಗೆಳತಿ ಕ್ಷೇಮವಾಗಿದ್ದಾಳಾ? ಇದನ್ನು ಜನ ಮರೆತುಬಿಡುತ್ತಾರೆ. ಒಬ್ಬರು ಇದ್ದಕ್ಕಿದ್ದ ಹಾಗೆ ಎಲ್ಲರಿಂದಲೂ ದೂರವಾದರೆ ಅದು ಬೇರೆ ಸೂಚನೆ. ಕಾಯಿಲೆ, ಖಿನ್ನತೆ, ಮನೆಯೊಳಗಿನ ಹಿಂಸೆ ಏನಾದರೂ ಇರಬಹುದು. ಆಗ ಬಾಗಿಲು ತಟ್ಟಿ ನೋಡುವುದೇ ಸರಿ. ಒಬ್ಬರಿಂದ ಮಾತ್ರ ದೂರವಾಗಿ ಉಳಿದವರ ಜೊತೆ ಮೊದಲಿನಂತೆ ಇದ್ದರೆ ಅದು ಆಯ್ಕೆ. ಗೃಹಪ್ರವೇಶದ ಫೋಟೋ ಎಷ್ಟೇ ನೋವು ಕೊಟ್ಟರೂ ಈ ಪ್ರಶ್ನೆಗೆ ಉತ್ತರವನ್ನೂ ಕೊಟ್ಟಿತ್ತು. ವೀಣಾ ಕ್ಷೇಮ. ಬೇಡವಾಗಿದ್ದದ್ದು ಶೈಲಾ ಜೊತೆಗಿನ ಮಾತು.

ಯಾಕೆ ಇಷ್ಟು ನೋವು

ಇಲ್ಲಿ ಎರಡು ನೋವು ಬೆರೆತಿರುತ್ತವೆ. ಬಿಡಿಸಿ ನೋಡದಿದ್ದರೆ ಕೆಲಸ ಆಗುವುದಿಲ್ಲ.

ಮೊದಲನೆಯದು ಹೊರಗಿಟ್ಟ ನೋವು. ಮನೋವಿಜ್ಞಾನಿ ಕಿಪ್ಲಿಂಗ್ ವಿಲಿಯಮ್ಸ್ ಒಮ್ಮೆ ಪಾರ್ಕಿನಲ್ಲಿ ಕೂತಿದ್ದಾಗ ಫ್ರಿಸ್ಬೀ ತಟ್ಟೆಯೊಂದು ಉರುಳಿ ಬಂತು. ಆಡುತ್ತಿದ್ದ ಇಬ್ಬರು ಅಪರಿಚಿತರಿಗೆ ಎಸೆದರು. ಅವರೂ ಇವರತ್ತ ಎಸೆದರು. ಸ್ವಲ್ಪ ಹೊತ್ತು ಮೂವರೂ ಆಡಿದರು. ಆಮೇಲೆ ಅವರಿಬ್ಬರು ಇವರತ್ತ ಎಸೆಯುವುದನ್ನೇ ನಿಲ್ಲಿಸಿದರು. ಪರಿಚಯವೇ ಇಲ್ಲದವರು, ಆದರೂ ತನಗೆ ಅಷ್ಟು ಬೇಜಾರಾಯಿತಲ್ಲ ಎಂದು ಅವರಿಗೇ ಆಶ್ಚರ್ಯ. ಇದರಿಂದಲೇ ಮುಂದೆ ಸೈಬರ್‌ಬಾಲ್ ಎಂಬ ಕಂಪ್ಯೂಟರ್ ಆಟದ ಪ್ರಯೋಗ ಹುಟ್ಟಿತು. ಎದುರಿಗೆ ಆಡುತ್ತಿರುವುದು ಬರೀ ಕಂಪ್ಯೂಟರ್ ಎಂದು ಮೊದಲೇ ಹೇಳಿದ್ದರೂ, ಚೆಂಡು ತಮ್ಮತ್ತ ಬರದಿದ್ದಾಗ ಜನ ನೊಂದರು. ಹೊರಗಿಟ್ಟಾಗ ನಾಲ್ಕಕ್ಕೆ ಪೆಟ್ಟು ಬೀಳುತ್ತದೆ ಎನ್ನುತ್ತಾರೆ ವಿಲಿಯಮ್ಸ್: ನಾನು ಇವರಿಗೆ ಸೇರಿದವಳು ಅನ್ನುವ ಭಾವ, ನನ್ನ ಬಗ್ಗೆ ನನಗಿರುವ ಗೌರವ, ಪರಿಸ್ಥಿತಿ ನನ್ನ ಕೈಯಲ್ಲಿದೆ ಅನ್ನುವ ಧೈರ್ಯ, ನಾನು ಇರುವುದು ಯಾರಿಗಾದರೂ ಲೆಕ್ಕಕ್ಕಿದೆ ಅನ್ನುವ ನಂಬಿಕೆ.

ಶೈಲಾಗೆ ಜಾಸ್ತಿ ಪೆಟ್ಟು ಬಿದ್ದದ್ದು ಮೂರನೆಯದಕ್ಕೆ. ಜಗಳ ಆಗಿದ್ದರೆ ಬೈಯಬಹುದಿತ್ತು, ಕ್ಷಮೆ ಕೇಳಬಹುದಿತ್ತು. ಇಲ್ಲಿ ಮಾಡುವುದಕ್ಕೆ ಏನೂ ಇಲ್ಲ. ನಮ್ಮ ಊರುಗಳಲ್ಲಿ ಮಾತು ಬಿಟ್ಟವರು ಮೊದಲಿನಿಂದಲೂ ಇದ್ದಾರೆ. ಅಣ್ಣತಮ್ಮಂದಿರು ಇಪ್ಪತ್ತು ವರ್ಷ ಮಾತು ಬಿಟ್ಟಿರುತ್ತಾರೆ. ಆದರೆ ಯಾಕೆ ಬಿಟ್ಟರು ಅನ್ನುವುದು ಬಾವಿಕಟ್ಟೆಗೆಲ್ಲ ಗೊತ್ತಿರುತ್ತದೆ. ಬದುವಿನ ಜಗಳವೋ, ಚಿನ್ನದ ಸರವೋ, ಏನೋ ಒಂದು. ಮಕ್ಕಳು ಕೂಡ ಟೂ ಬಿಡುವಾಗ ಬೆರಳು ತೋರಿಸಿ ಹೇಳಿಯೇ ಬಿಡುತ್ತವೆ. ನೆಂಟರ ನಡುವೆ ಮುನಿಸಾದರೆ ಹಿರಿಯರು ನಡುವೆ ಬರುತ್ತಾರೆ. ಇಬ್ಬರು ಗೆಳತಿಯರ ನಡುವೆ ಪಂಚಾಯ್ತಿ ಮಾಡುವವರು ಯಾರು?

ಎರಡನೆಯದು ಮುಗಿಯದ ನಷ್ಟದ ನೋವು. ಅಮೆರಿಕದ ಸಂಶೋಧಕಿ ಪಾಲಿನ್ ಬಾಸ್ 1970ರ ದಶಕದಲ್ಲಿ ವಿಯೆಟ್ನಾಂ ಯುದ್ಧದಲ್ಲಿ ಕಾಣೆಯಾದ ಸೈನಿಕರ ಕುಟುಂಬಗಳನ್ನು ಅಧ್ಯಯನ ಮಾಡಿದರು. ಸತ್ತ ಎನ್ನುವಂತಿಲ್ಲ, ಬದುಕಿದ್ದಾನೆ ಎನ್ನುವಂತಿಲ್ಲ. ಅಂಥ ಮನೆಗಳಲ್ಲಿ ದುಃಖ ಮುಂದಕ್ಕೂ ಹೋಗದೆ ಹಿಂದಕ್ಕೂ ಹೋಗದೆ ನಿಂತುಬಿಡುತ್ತದೆ ಎಂದು ಅವರು ಕಂಡರು. ಕಾಣೆಯಾದ ಮಗನ ನೋವಿಗೂ ಮಾತು ಬಿಟ್ಟ ಗೆಳತಿಯ ನೋವಿಗೂ ತೂಕ ಒಂದೇ ಎಂದು ನಾನು ಹೇಳುತ್ತಿಲ್ಲ. ಮನಸ್ಸು ಸಿಕ್ಕಿಕೊಳ್ಳುವ ರೀತಿ ಮಾತ್ರ ಒಂದೇ. ವೀಣಾ ಇದ್ದಾಳೆ, ಬೆಂಗಳೂರಿನಲ್ಲಿ, ಹೊಸ ಟೈಲ್ಸಿನ ಮೇಲೆ ಓಡಾಡಿಕೊಂಡು. ಶೈಲಾ ಪಾಲಿಗೆ ಇಲ್ಲ.

ಸುತ್ತಲಿನವರ ಸಮಾಧಾನದ ಮಾತು ಇಂಥಲ್ಲಿ ಯಾಕೆ ನಾಟುವುದಿಲ್ಲ ಎಂದೂ ಇದರಿಂದ ಅರ್ಥವಾಗುತ್ತದೆ. ಗಂಡ "ಬಿಡೇ ಅತ್ಲಾಗೆ, ಇನ್ನೊಬ್ಬ ಫ್ರೆಂಡ್ ಸಿಗ್ತಾಳೆ" ಎಂದರು. ಮೊದಲ ನೋವಿಗೆ ಅದು ಸ್ವಲ್ಪ ಮದ್ದಾಗಬಹುದು. ಎರಡನೆಯದಕ್ಕೆ ಆಗುವುದೇ ಇಲ್ಲ. ಅಮ್ಮ ದೃಷ್ಟಿಯಾಗಿದೆ ಎಂದರು. ಇದು ಕೇಳಲು ವಿಚಿತ್ರ ಅನ್ನಿಸಿದರೂ ಶೈಲಾಗೆ ಆವತ್ತು ಒಂದು ದಿನ ನೆಮ್ಮದಿ ಕೊಟ್ಟಿತ್ತಂತೆ. ಕಾರಣ ಅಂತ ಒಂದು ಸಿಕ್ಕಿತಲ್ಲ!

ವಿಚಾರಣೆ

ಮೂರನೆಯ ಭೇಟಿಗೋ ಏನೋ ಶೈಲಾ ಒಂದು ನೋಟ್‌ಬುಕ್ ತಂದರು. ಗಣಿತದ ಮೇಷ್ಟ್ರಮ್ಮ, ಅಚ್ಚುಕಟ್ಟಾಗಿ ಬರೆದಿದ್ದರು. ವೀಣಾ ದೂರವಾಗಿರಬಹುದಾದ ಕಾರಣಗಳ ಪಟ್ಟಿ. ಯುಗಾದಿಗೆ ಫೋನ್ ಮಾಡಲು ತಡವಾದದ್ದು. ಹೊಸ ಮನೆಯ ಬಜೆಟ್ ಬಗ್ಗೆ ಆಡಿದ ತಮಾಷೆ. ತನ್ನ ಮಗನ ಮಾರ್ಕ್ಸ್ ಸ್ಟೇಟಸ್‌ಗೆ ಹಾಕಿದ್ದು. ಹೀಗೆ ಎರಡು ಪುಟ. ಜೊತೆಗೆ ಎರಡು ವರ್ಷದ ಚಾಟ್ ಅನ್ನು ಮತ್ತೆ ಮತ್ತೆ ಓದುತ್ತಿದ್ದರು, ಸಾಮಾನ್ಯವಾಗಿ ರಾತ್ರಿ ಹನ್ನೊಂದರ ಮೇಲೆ. ಕೆಟ್ಟ ನಿದ್ದೆಯ ಮೂಲ ಇದು.

ಆ ಪಟ್ಟಿಯಲ್ಲಿ ಒಂದು ಸಾಲಿನ ಕೆಳಗೆ ಎರಡು ಗೆರೆ ಎಳೆದಿತ್ತು. ಡಿಸೆಂಬರಿನಲ್ಲಿ ವೀಣಾಳ ಗಂಡ ವ್ಯಾಪಾರಕ್ಕೆ ಇನ್ನೊಂದು ಸಾಲ ತೆಗೆದಾಗ ಶೈಲಾ ಒಂದು ವಾಯ್ಸ್ ಮೆಸೇಜ್ ಕಳಿಸಿದ್ದರು. "ನಿಂಗೆ ಹೇಳಿ ಹೇಳಿ ನಂಗೇ ಸಾಕಾಯ್ತು ವೀಣಾ. ಅವ್ರು ಹೇಳಿದ್ದಕ್ಕೆಲ್ಲ ಸೈನ್ ಹಾಕ್ತೀಯಲ್ಲ, ಸ್ವಲ್ಪ ತಲೆ ಓಡ್ಸು." ಇದೇ ಕಾರಣ, ತಪ್ಪು ನನ್ನದೇ ಎಂದು ಅವರು ತೀರ್ಮಾನ ಮಾಡಿಯಾಗಿತ್ತು.

ಇರಬಹುದು. ನಾನು ಅಲ್ಲ ಎನ್ನಲಿಲ್ಲ. ಆ ಮಾತು ಚುಚ್ಚುವಂಥದ್ದೇ. ಆದರೆ ನನಗೆ ಮುಖ್ಯವಾಗಿ ಕಂಡದ್ದು ಬೇರೆ. ತಪ್ಪು ತನ್ನದೇ ಎನ್ನುವಾಗ ಶೈಲಾ ಮುಖದಲ್ಲಿ ಒಂಥರಾ ಬಿಡುಗಡೆ ಇತ್ತು. ಜನ ಇಂಥ ಹೊತ್ತಿನಲ್ಲಿ ತಮ್ಮನ್ನು ತಾವು ಯಾಕೆ ಬೈದುಕೊಳ್ಳುತ್ತಾರೆ ಅಂದರೆ, ಅದರಲ್ಲಿ ಒಂದು ಲಾಭ ಇದೆ. ನನ್ನ ತಪ್ಪಾದರೆ ನಾನು ಸರಿಮಾಡಬಹುದು. ಕೈ ತಪ್ಪಿದ ಲಗಾಮು ಮತ್ತೆ ಕೈಗೆ ಬಂದ ಹಾಗೆ. ಕಾರಣವೇ ಗೊತ್ತಿಲ್ಲ ಅನ್ನುವುದಕ್ಕಿಂತ ನಾನು ಕೆಟ್ಟವಳು ಅನ್ನುವುದೇ ಸುಲಭ. ಇದು ಗೊತ್ತಿಲ್ಲದೆ ಹತ್ತಿರದವರು "ನಿನ್ನದೇನೂ ತಪ್ಪಿಲ್ಲ ಬಿಡು" ಎಂದು ಎಷ್ಟು ಹೇಳಿದರೂ ಆಕೆ ಬಿಡುವುದಿಲ್ಲ.

ಹಾಗಾಗಿ ಪಟ್ಟಿಯನ್ನು ಹರಿಯಲು ಹೇಳಲಿಲ್ಲ. ಅದೇ ನೋಟ್‌ಬುಕ್ಕಿನಲ್ಲಿ ಎರಡು ಕಾಲಂ ಮಾಡಿಸಿದೆ. ಒಂದು ಕಡೆ "ಗೊತ್ತಿರುವುದು", ಇನ್ನೊಂದು ಕಡೆ "ಊಹೆ". ಗೊತ್ತಿರುವುದು ಅಂದರೆ ಬೇರೆ ಯಾರಿಗೆ ತೋರಿಸಿದರೂ ಹೌದು ಎನ್ನುವಂಥದ್ದು. ಎರಡು ಪುಟದ ಕಾರಣಗಳೆಲ್ಲ ಊಹೆಯ ಕಡೆಗೇ ಹೋದವು. ಗೊತ್ತಿರುವ ಕಡೆ ಉಳಿದದ್ದು ಕೆಲವೇ ಸಾಲು: ಏಪ್ರಿಲ್‌ನಿಂದ ಉತ್ತರ ಇಲ್ಲ. ಗೃಹಪ್ರವೇಶಕ್ಕೆ ಕರೆಯಲಿಲ್ಲ. ಬೇರೆಯವರ ಜೊತೆ ಮಾತಾಡುತ್ತಾಳೆ. ಬ್ಲಾಕ್ ಮಾಡಿರುವ ಸಾಧ್ಯತೆ ಹೆಚ್ಚು.

ಅಲ್ಲಿಗೆ ಇನ್ನೊಂದು ಸಾಲು ಆಮೇಲೆ ಸೇರಿತು. ಚಾಟನ್ನು ಹಗಲು ಹೊತ್ತಿನಲ್ಲಿ, ನನ್ನ ಎದುರಿಗೆ, ಒಂದೇ ಒಂದು ಪ್ರಶ್ನೆ ಇಟ್ಟುಕೊಂಡು ನೋಡಿದೆವು: ಮೊದಲು ಮಾತು ಶುರು ಮಾಡುತ್ತಿದ್ದವರು ಯಾರು? ಹಿಂದಿನ ವರ್ಷದ ಮಳೆಗಾಲದವರೆಗೆ ಇಬ್ಬರೂ. ದಸರಾ ಆದ ಮೇಲೆ ಹೆಚ್ಚಾಗಿ ಶೈಲಾ. ವೀಣಾಳ ಉದ್ದುದ್ದ ವಾಯ್ಸ್ ಮೆಸೇಜ್‌ಗಳು ಚಿಕ್ಕದಾಗುತ್ತಾ ಬಂದು, ಕೊನೆಗೆ ನಗುವ ಇಮೋಜಿ, ಸ್ಟಿಕ್ಕರ್. ಅಂದರೆ ಡಿಸೆಂಬರಿನ ಆ ಮಾತಿಗಿಂತ ಮೊದಲೇ ಆಕೆ ಹಿಂದೆ ಸರಿಯುತ್ತಿದ್ದಳು. ಗೆಳೆತನ ಒಂದೇ ದಿನದಲ್ಲಿ ನಿಲ್ಲುವುದು ಕಡಿಮೆ. ನಿಂತದ್ದು ಒಂದೇ ದಿನ ಕಾಣಿಸುತ್ತದೆ, ಅಷ್ಟೆ. ಶೈಲಾ ಆವತ್ತು ತುಂಬಾ ಅತ್ತರು. ಮುಂದಿನ ವಾರ ಬಂದಾಗ, ಆ ಒಂದು ದಿನ ಏನಾಯಿತು ಅನ್ನುವ ಪ್ರಶ್ನೆ ಸ್ವಲ್ಪ ಸಡಿಲವಾಗಿತ್ತು.

ಒಂದೇ ಪತ್ರ

ಕೇಳಿಬಿಡಬೇಕಾ, ಸುಮ್ಮನಿರಬೇಕಾ? ಇದಕ್ಕೆ ಎಲ್ಲರಿಗೂ ಒಂದೇ ಉತ್ತರ ಇಲ್ಲ. ಆ ಕಡೆಯವರು "ನನ್ನನ್ನು ಸಂಪರ್ಕಿಸಬೇಡ" ಎಂದು ಸ್ಪಷ್ಟವಾಗಿ ಹೇಳಿದ್ದರೆ ಅಲ್ಲಿಗೆ ಮುಗಿಯಿತು. ಇಲ್ಲಿ ಹಾಗೆ ಹೇಳಿರಲಿಲ್ಲ. ಒಂದು ಸಲ, ಒಂದೇ ದಾರಿಯಲ್ಲಿ ಕೇಳುವುದು ನ್ಯಾಯ ಎಂದು ನನಗನ್ನಿಸಿತು. ಹೊಸ ಸಿಮ್ ತಗೊಂಡು ಫೋನ್ ಮಾಡುವುದು, ಮನೆಗೆ ಹೋಗಿ ನಿಲ್ಲುವುದು, ಆಕೆಯ ಗಂಡನಿಗೆ ಫೋನ್ ಮಾಡುವುದು ಬೇಡವೇ ಬೇಡ. ಹಳೆಯ ಇಮೇಲ್ ಇತ್ತು. ಅದರಲ್ಲಿ ಟಿಕ್ ಇಲ್ಲ. ನೋಡಿದಳಾ ಇಲ್ಲವಾ ಎಂದು ಕಾಯುವ ಕಾಟ ಇಲ್ಲ. ಅದನ್ನೇ ಆರಿಸಿದೆವು.

ಶೈಲಾ ಬರೆದ ಮೊದಲ ಕರಡು ನಾಲ್ಕು ಪುಟ. ಅದರಲ್ಲಿ ಆಸ್ಪತ್ರೆಯ ರಾತ್ರಿ ಇತ್ತು, ಹೆರಿಗೆ ಹೊತ್ತಿನಲ್ಲಿ ಮಾಡಿಕೊಟ್ಟ ಅಂಟಿನುಂಡೆ ಇತ್ತು, "ಯಾಕೆ" ಅನ್ನುವ ಪದ ಪುಟಪುಟಕ್ಕೂ ಇತ್ತು. ಮಾಡಿದ ಉಪಕಾರ ಎತ್ತಿದ ಕೂಡಲೇ ಓದುವವರಿಗೆ ಅದು ಸಾಲದ ಚೀಟಿಯಂತೆ ಕೇಳಿಸುತ್ತದೆ. ಅದನ್ನು ತೆಗೆದೆವು. ಊಹೆಗಳನ್ನು ತೆಗೆದೆವು, ಯಾಕೆಂದರೆ "ನಾನು ಆವತ್ತು ಹಾಗಂದದ್ದಕ್ಕಾ?" ಎಂದು ಕೇಳಿದರೆ ಎದುರಿನವರು ಸುಲಭಕ್ಕೆ ಹೂಂ ಅಂದುಬಿಡಬಹುದು. ಕೊನೆಗೆ ಉಳಿದದ್ದು ಇಷ್ಟು:

"ವೀಣಾ, ಏಪ್ರಿಲ್‌ನಿಂದ ನಮ್ಮ ಮಾತು ನಿಂತಿದೆ. ನಂಗೆ ತುಂಬಾ ನೋವಾಗಿದೆ. ನನ್ನಿಂದ ಏನಾದ್ರೂ ಆಗಿದ್ರೆ ಕೇಳೋಕೆ ತಯಾರಿದ್ದೀನಿ. ಮಾತಾಡೋಕೆ ಇಷ್ಟ ಇಲ್ಲ ಅಂದ್ರೂ ಸರಿ, ಅದನ್ನ ಒಂದು ಸಾಲಲ್ಲಿ ಹೇಳು, ಸಾಕು. ಇದಾದ ಮೇಲೆ ನಾನಾಗಿ ಮತ್ತೆ ಕೇಳಲ್ಲ."

ಈ ಪತ್ರದ ಕೆಲಸ ಉತ್ತರ ತರಿಸುವುದಲ್ಲ. ತನ್ನ ಕಡೆಯಿಂದ ಮಾಡಬೇಕಾದದ್ದು ಮುಗಿಯಿತು ಎಂದು ಶೈಲಾಗೆ ಅನ್ನಿಸುವುದು. ಇದನ್ನು ಕಳಿಸುವ ಮೊದಲೇ ಒಪ್ಪಿಕೊಳ್ಳದಿದ್ದರೆ ಪತ್ರ ಇನ್ನೊಂದು ಕಾಯುವಿಕೆ ಆಗುತ್ತದೆ. ಮೂರು ವಾರ ಎಂದು ಗಡುವು ಇಟ್ಟೆವು, ನಮ್ಮಿಬ್ಬರ ನಡುವೆ ಮಾತ್ರ. ಆ ಮೂರು ವಾರದಲ್ಲಿ ಹಾಸ್ಟೆಲ್ ಗ್ರೂಪ್ ಮ್ಯೂಟ್, ಚಾಟ್ ಆರ್ಕೈವ್, ಗಂಡನ ಫೋನಿನಿಂದ ಡಿಪಿ ನೋಡುವುದು ಬಂದ್. ಚಾಟ್ ಅಳಿಸಲು ನಾನು ಹೇಳುವುದಿಲ್ಲ. ಸಿಟ್ಟಿನಲ್ಲಿ ಅಳಿಸಿ ಆಮೇಲೆ ಕೈ ಹಿಸುಕಿಕೊಂಡವರನ್ನು ನೋಡಿದ್ದೇನೆ.

ಗ್ರೂಪಿನ ಗೆಳತಿಯೊಬ್ಬಳು ನಡುವೆ ಸುದ್ದಿ ತರುತ್ತಿದ್ದಳು. "ಅವ್ಳು ನಾರ್ಮಲ್ ಆಗೇ ಇದ್ದಾಳಲ್ಲೇ" ಎಂದು ಆಕೆ ಹೇಳಿದ್ದೇ ಶೈಲಾಗೆ ಅತಿ ಹೆಚ್ಚು ಚುಚ್ಚಿದ ಮಾತು. ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ಇನ್ನು ಮುಂದೆ ವೀಣಾ ಸುದ್ದಿ ನನಗೆ ಹೇಳಬೇಡ, ನನ್ನ ಸುದ್ದಿ ಅವಳಿಗೂ ಬೇಡ ಎಂದು ಶೈಲಾ ಆಕೆಗೆ ಹೇಳಿದರು. ಇದು ಪತ್ರ ಬರೆದದ್ದಕ್ಕಿಂತ ಕಷ್ಟವಾಯಿತಂತೆ.

ಮೂರು ವಾರ ಕಳೆಯಿತು. ಉತ್ತರ ಬರಲಿಲ್ಲ.

ಕಳೆದುಕೊಂಡದ್ದರ ಲೆಕ್ಕ

ಇಂಥ ಕಡೆ "ಕ್ಲೋಷರ್" ಬೇಕು ಎಂದು ಈಗ ಎಲ್ಲರೂ ಹೇಳುತ್ತಾರೆ. ಪಾಲಿನ್ ಬಾಸ್ ಆ ಮಾತನ್ನೇ ಒಪ್ಪುವುದಿಲ್ಲ, ನಾನೂ ಅವರ ಕಡೆಯೇ. ಮುಚ್ಚಲು ಬೇಕಾದ ಬಾಗಿಲು ಇನ್ನೊಬ್ಬರ ಮನೆಯಲ್ಲಿದ್ದರೆ ಏನು ಮಾಡುವುದು? ಬಾಸ್ ಹೇಳುವುದು, ಎದುರುಬದುರಾದ ಎರಡು ಮಾತನ್ನು ಒಟ್ಟಿಗೆ ಹಿಡಿದುಕೊಳ್ಳಲು ಕಲಿಯುವುದು. ಶೈಲಾ ತಮ್ಮ ಮಾತಿನಲ್ಲೇ ಅದನ್ನು ಬರೆದರು: "ಅವಳು ಹೋಗಿದ್ದಾಳೆ. ಮತ್ತೆ ಬಂದರೂ ಬರಬಹುದು. ನಮ್ಮ ಗೆಳೆತನ ನಿಜವಾಗಿತ್ತು. ಅದು ಮುಗಿದಿದೆ." ಹಳೆಯ ಹದಿನಾರು ವರ್ಷವೂ ಸುಳ್ಳು ಎಂದು ಅಳಿಸಿಹಾಕುವ ಆಸೆ ಅವರಿಗೆ ಬಲವಾಗಿ ಇತ್ತು. ಅದು ಬೇಡ ಎಂದು ನಾನು ಪಟ್ಟು ಹಿಡಿದೆ.

ಆಮೇಲೆ ನಿಜವಾಗಿ ಏನೇನು ಹೋಯಿತು ಎಂದು ನೋಡಿದೆವು. ಮನುಷ್ಯರ ಜೊತೆ ಇನ್ನೇನೇನೋ ಹೋಗಿರುತ್ತದೆ. ಎಂಟೂವರೆಯ ಆ ಹೊತ್ತು ಹೋಯಿತು. ಮದುವೆಗೆ ಮೊದಲಿನ ಶೈಲಾಳನ್ನು ಬಲ್ಲ ಒಬ್ಬಳೇ ಸಾಕ್ಷಿ ಹೋದಳು. ವೀಣಾಳ ಮಗಳ ಒಡನಾಟ ಹೋಯಿತು. ಹುಟ್ಟುಹಬ್ಬಕ್ಕೆಂದು ಮೊದಲೇ ತಂದಿಟ್ಟ ಫ್ರಾಕ್ ಬೀರುವಿನಲ್ಲಿತ್ತು. ಕಳಿಸಲಾ ಎಂದು ಎರಡು ಭೇಟಿ ಪೂರ್ತಿ ಅದೇ ಮಾತು. ಕಳಿಸಿದರೆ ಅದು ಮಗುವಿಗಾ, ಮಗುವಿನ ಅಮ್ಮನನ್ನು ಎಳೆಯುವುದಕ್ಕಾ ಎಂದು ಕೇಳಿದೆ. ಸುಮಾರು ಹೊತ್ತಿನ ಮೇಲೆ "ಎರಡಕ್ಕೂ" ಎಂದರು. ಕಳಿಸಲಿಲ್ಲ. ನಾದಿನಿಯ ಮಗಳಿಗೆ ಕೊಟ್ಟರು.

ಎಂಟೂವರೆ ಹೊತ್ತನ್ನು ಖಾಲಿ ಬಿಡಬಾರದಿತ್ತು. ಅಲ್ಲಿಗೆ ಇನ್ನೊಬ್ಬ ಆಪ್ತ ಗೆಳತಿಯನ್ನು ತಂದು ಕೂರಿಸಲು ಆಗುವುದಿಲ್ಲ. ಕೆಲವು ವಾರ ಆ ಹೊತ್ತಿಗೆ ಮಗನ ಜೊತೆ ನಡೆದಾಡಿದರು. ಫೋನ್ ಅಡುಗೆಮನೆಯಲ್ಲೇ ಚಾರ್ಜಿಗೆ ಇಟ್ಟು ಮಲಗುವ ಅಭ್ಯಾಸ ಮಾಡಿಕೊಂಡರು. ನಿದ್ದೆ ಸುಧಾರಿಸಿದ್ದಕ್ಕೆ ನನ್ನ ಮಾತಿಗಿಂತ ಇದೇ ಹೆಚ್ಚು ಕಾರಣ ಇರಬೇಕು.

ವೀಣಾ ಯಾಕೆ ಹೀಗೆ ಮಾಡಿದಳು? ಆಕೆ ನನ್ನ ಎದುರು ಕೂತಿಲ್ಲ, ಹಾಗಾಗಿ ನಾನು ಹೇಳುವ ಹಾಗಿಲ್ಲ. ಆದರೆ ಹೀಗೆ ಬಿಟ್ಟುಹೋದವರೂ ನನ್ನ ಹತ್ತಿರ ಬರುತ್ತಾರೆ. ಅವರ ಮಾತಿನಲ್ಲಿ ದ್ವೇಷಕ್ಕಿಂತ ನಾಚಿಕೆ, ಸುಸ್ತು, ಎದುರಿಸಲಾರದ ಪುಕ್ಕಲುತನ ಜಾಸ್ತಿ. ಒಂದು ವಾರ ಉತ್ತರ ಕೊಡದವರಿಗೆ ಎರಡನೇ ವಾರ ಇನ್ನೂ ಕಷ್ಟ. ಎರಡು ತಿಂಗಳಾದ ಮೇಲೆ ಏನೆಂದು ಶುರು ಮಾಡುವುದು? ಬಿಟ್ಟುಹೋದವರಿಗೆ ತಮ್ಮ ಬಗ್ಗೆ ಎಷ್ಟು ಕಾಳಜಿ ಉಳಿದಿದೆ ಅನ್ನುವುದನ್ನು ಬಿಟ್ಟುಹೋಗಲ್ಪಟ್ಟವರು ಕಡಿಮೆ ಅಂದಾಜು ಮಾಡುತ್ತಾರೆ ಎಂದು 2024ರಲ್ಲಿ ಪ್ರಕಟವಾದ ಒಂದು ಸಂಶೋಧನೆಯೂ ಹೇಳುತ್ತದೆ. ಇದನ್ನು ಶೈಲಾಗೆ ಹೇಳಿದಾಗ ಅವರು, "ಕಾಳಜಿ ಇಟ್ಕೊಂಡು ಉಪ್ಪಿನಕಾಯಿ ಹಾಕ್ಕೊಳ್ಲಾ ಮೇಡಂ?" ಎಂದರು. ಸಿಟ್ಟು ಬಂದದ್ದು ಅದೇ ಮೊದಲು. ನನಗೆ ಅದು ಒಳ್ಳೆಯ ಲಕ್ಷಣವಾಗಿ ಕಂಡಿತು.

ಫೆಬ್ರವರಿ

ಹೀಗೆ ಹೋದವರು ಎಷ್ಟೋ ಸಲ ಏನೂ ಆಗಿಲ್ಲವೆಂಬಂತೆ ತಿರುಗಿ ಬರುತ್ತಾರೆ. ಹುಟ್ಟುಹಬ್ಬದ ಶುಭಾಶಯವೋ, ಹಳೆಯ ಫೋಟೋವೋ ನೆಪ. ಹಾಗೆ ಬಂದರೆ ಏನು ಮಾಡುತ್ತೀರಿ ಎಂದು ನಾವು ಮೊದಲೇ ಮಾತಾಡಿಕೊಂಡಿದ್ದೆವು. ಆ ಕ್ಷಣದಲ್ಲಿ ಯೋಚನೆ ಮಾಡುತ್ತೇನೆ ಅಂದರೆ ಆಗುವುದಿಲ್ಲ. ಸಂತೋಷಕ್ಕೆ ಕೈ ತಾನಾಗಿ ಟೈಪ್ ಮಾಡಿಬಿಡುತ್ತದೆ.

ಫೆಬ್ರವರಿಯಲ್ಲಿ ಮೆಸೇಜ್ ಬಂತು. "ಹಾಯ್ ಶೈಲೂ, ಹೇಗಿದ್ದೀಯ? ಪಾಪು ನಿನ್ನ ಕೇಳ್ತಿದ್ಲು." ಇಮೇಲ್ ಬಗ್ಗೆ ಒಂದು ಮಾತಿಲ್ಲ.

ಶೈಲಾ ಒಂದು ದಿನ ಬಿಟ್ಟು ಉತ್ತರ ಬರೆದರು. ನಿನ್ನ ಮೆಸೇಜ್ ನೋಡಿ ಖುಷಿಯೂ ಆಯ್ತು, ಸಂಕಟವೂ ಆಯ್ತು. ಏನೂ ಆಗಿಲ್ಲ ಅನ್ನೋ ಹಾಗೆ ಶುರು ಮಾಡೋಕೆ ನನ್ನಿಂದ ಆಗಲ್ಲ, ಒಂದ್ಸಲ ಫೋನಲ್ಲಿ ಮಾತಾಡೋಣ ಎಂದು. ಭಾನುವಾರ ಮಾತಾಡಿದರು. ಕೇಳಬೇಕಾದದ್ದನ್ನು ಒಂದೇ ಸಲ ಕೇಳುವುದು ಎಂದು ನಿರ್ಧರಿಸಿಕೊಂಡಿದ್ದರು, ಹಾಗೇ ಕೇಳಿದರು.

"ಆ ಟೈಮಲ್ಲಿ ಯಾರ ಹತ್ರನೂ ಮಾತಾಡೋಕೆ ಆಗ್ತಿರ್ಲಿಲ್ಲ ಕಣೇ" ಎಂದಳು ವೀಣಾ.

"ಗೃಹಪ್ರವೇಶಕ್ಕೆ ಎಲ್ರೂ ಬಂದಿದ್ರಲ್ಲ?"

"ಅದೆಲ್ಲ ಈಗ್ಯಾಕೆ, ಬಿಡು."

ಸಿಕ್ಕ ವಿವರಣೆ ಇಷ್ಟೇ. ಇದ್ದ ಸಂಗತಿಗೆ ಅದು ಹೊಂದುವುದೂ ಇಲ್ಲ. ನೋಟ್‌ಬುಕ್ಕಿನ "ಗೊತ್ತಿರುವುದು" ಕಾಲಂಗೆ ಶೈಲಾ ಒಂದು ಸಾಲು ಸೇರಿಸಿದರು: "ಕೇಳಿದೆ. ಹೇಳಲು ಇಷ್ಟಪಡಲಿಲ್ಲ." ಊಹೆಯ ಕಾಲಂಗೆ ಏನೂ ಸೇರಿಸಲಿಲ್ಲ.

ಈಗ ಹಬ್ಬಕ್ಕೆ ಶುಭಾಶಯ, ಮಗುವಿನ ಜೊತೆ ಅಪರೂಪಕ್ಕೆ ವಿಡಿಯೋ ಕಾಲ್, ಅಷ್ಟು ಇದೆ. ಎಂಟೂವರೆಯ ಮಾತು ತಿರುಗಿ ಶುರುವಾಗಿಲ್ಲ. ಮನೆಯ ಗುಟ್ಟು ಯಾವುದನ್ನೂ ಶೈಲಾ ಹೇಳಿಕೊಳ್ಳುವುದಿಲ್ಲ. ಈ ಅಂತರ ಸಾಕಾ ಎಂದು ಕೇಳಿದರೆ, ಸದ್ಯಕ್ಕೆ ಸಾಕು ಎನ್ನುತ್ತಾರೆ. ನಿದ್ದೆ ವಾರದಲ್ಲಿ ಹೆಚ್ಚಿನ ದಿನ ಸರಿ ಇದೆ. ಗ್ರೂಪಿನಲ್ಲಿ ಏನಾದರೂ ಫೋಟೋ ಬಂದ ರಾತ್ರಿ ಕೆಡುತ್ತದೆ.

ಭೇಟಿಗಳನ್ನು ತಿಂಗಳಿಗೊಮ್ಮೆ ಮಾಡಿದ್ದೇವೆ, ಪೂರ್ತಿ ನಿಲ್ಲಿಸಿಲ್ಲ. ಮೇ ತಿಂಗಳಲ್ಲಿ ಹಾಸ್ಟೆಲಿನ ಇನ್ನೊಬ್ಬ ಗೆಳತಿಯ ತಂಗಿಯ ಮದುವೆ ಇದೆ, ಇಬ್ಬರಿಗೂ ಕರೆ ಬಂದಿದೆ. ಶೈಲಾ ಹೋಗುತ್ತಾರೆ. ಊಟದ ಪಂಕ್ತಿಯಲ್ಲಿ ಪಕ್ಕದಲ್ಲೇ ಕೂರುವಂತಾದರೆ ಏನು ಮಾತಾಡುವುದು, ಫೋಟೋಗೆ ಕರೆದರೆ ನಿಲ್ಲುವುದಾ ಎನ್ನುವುದನ್ನು ಮುಂದಿನ ಭೇಟಿಯಲ್ಲಿ ಮಾತಾಡಬೇಕು.